OUR, SHA, BEN: ಹೊರದೇಶಕ್ಕೆ ಹಣ ಕಳಿಸುವಾಗ ಯಾವುದಕ್ಕೆ ಟಿಕ್ ಹಾಕಬೇಕು?

ಹೊರದೇಶದ ಖಾತೆಗೆ ಹಣ ಕಳಿಸುವ ಫಾರ್ಮ್‌ನಲ್ಲಿ ಒಂದು ಸಣ್ಣ ಸಾಲು ಇರುತ್ತದೆ. ಶುಲ್ಕ ಯಾರದು ಎಂದು ಕೇಳಿ, ಪಕ್ಕದಲ್ಲಿ OUR, SHA, BEN ಎಂಬ ಮೂರು ಆಯ್ಕೆ ಕೊಟ್ಟಿರುತ್ತಾರೆ. ಬಹಳಷ್ಟು ಜನ ಅದನ್ನು ಓದದೇ ಮುಂದೆ ಹೋಗುತ್ತಾರೆ. ಆಮೇಲೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: 5,000 ಡಾಲರ್ ಕಳಿಸಿದೆ, ಆ ಕಡೆಯವರಿಗೆ 4,957 ಬಂತಂತೆ, ಉಳಿದದ್ದು ಯಾರು ತಗೊಂಡರು? ಅದರ ಬೆನ್ನಿಗೇ ಇನ್ನೊಂದು: ಮುಂದಿನ ಸಲ OUR ಹಾಕಬೇಕಾ, SHA ಸಾಕಾ, ಅಥವಾ ಬ್ಯಾಂಕನ್ನೇ ಬಿಟ್ಟು ಹಣ ರವಾನೆ ಕಂಪನಿಯ ಮೂಲಕ ಕಳಿಸಬೇಕಾ?

ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇಲ್ಲ. ಆದರೆ ಹಣ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಗೊತ್ತಾದರೆ ನಿಮ್ಮ ಉತ್ತರವನ್ನು ನೀವೇ ಲೆಕ್ಕ ಹಾಕಿ ಕಂಡುಕೊಳ್ಳಬಹುದು.

ಮೊದಲು ಏನನ್ನು ನೋಡಬೇಕು

ನಾನು ನಾಲ್ಕು ವಿಷಯ ನೋಡುತ್ತೇನೆ. ಒಂದು, ಆ ಕಡೆಯವರಿಗೆ ಪೂರ್ತಿ ಮೊತ್ತ ತಲುಪಲೇಬೇಕಾ ಎನ್ನುವುದು. ಕಾಲೇಜಿನ ಫೀಸು, ಇನ್‌ವಾಯ್ಸ್, ಬುಕಿಂಗ್ ಮುಂಗಡ ಇವುಗಳಲ್ಲಿ ಹತ್ತು ಡಾಲರ್ ಕಡಿಮೆಯಾದರೂ ಬಾಕಿ ಎಂದೇ ಬರೆದುಕೊಳ್ಳುತ್ತಾರೆ. ಮನೆಯವರಿಗೆ ಕಳಿಸುವ ಹಣಕ್ಕೆ ಆ ಗಡಿಬಿಡಿ ಇಲ್ಲ. ಎರಡು, ಮೊತ್ತ ಎಷ್ಟು. ದಾರಿಯ ಶುಲ್ಕಗಳು ಬಹುತೇಕ ನಿಗದಿತ ಮೊತ್ತಗಳು, ಶೇಕಡಾ ಲೆಕ್ಕದವಲ್ಲ. ಹಾಗಾಗಿ ಸಣ್ಣ ಮೊತ್ತಕ್ಕೆ ಅವು ಬಲವಾಗಿ ತಟ್ಟುತ್ತವೆ. ಮೂರು, ನಡುವೆ ಎಷ್ಟು ಬ್ಯಾಂಕ್ ಇವೆ. ನಾಲ್ಕು, ಕರೆನ್ಸಿ ಬದಲಾಗುವುದು ಎಲ್ಲಿ, ಯಾರ ದರದಲ್ಲಿ.

ಇವುಗಳಲ್ಲಿ ಮೂರನೆಯದು ಹೊರಗಿನವರಿಗೆ ಕಾಣುವುದೇ ಇಲ್ಲ. ಆದರೆ ತೀರ್ಮಾನ ನಿಂತಿರುವುದು ಅದರ ಮೇಲೆಯೇ. ಹಾಗಾಗಿ ಅಲ್ಲಿಂದ ಶುರು ಮಾಡೋಣ.

ಹಣ ಪ್ರಯಾಣ ಮಾಡುವುದಿಲ್ಲ, ಸಂದೇಶ ಮಾಡುತ್ತದೆ

ಸ್ವಿಫ್ಟ್‌ನಲ್ಲಿ ಹಣ ಕಳಿಸಿದೆ ಎನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ನಿಜಕ್ಕೂ ಸ್ವಿಫ್ಟ್ ಹಣ ಸಾಗಿಸುವುದಿಲ್ಲ. ಅದು 1973ರಲ್ಲಿ ಶುರುವಾದ, ಬೆಲ್ಜಿಯಂನಲ್ಲಿ ಕೇಂದ್ರ ಕಚೇರಿ ಇರುವ ಬ್ಯಾಂಕ್‌ಗಳ ಸಹಕಾರಿ ಸಂಸ್ಥೆ. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ನಂಬಿಕೆಯ ಸಂದೇಶ ತಲುಪಿಸುವುದು ಅದರ ಕೆಲಸ. ಹಣದ ಲೆಕ್ಕ ಬದಲಾಗುವುದು ಬ್ಯಾಂಕ್‌ಗಳು ಒಂದರಲ್ಲೊಂದು ಇಟ್ಟುಕೊಂಡಿರುವ ಖಾತೆಗಳಲ್ಲಿ.

ನಿಮ್ಮ ಬ್ಯಾಂಕನ್ನು 'ಕ' ಎನ್ನೋಣ. ಹಣ ಪಡೆಯುವವರ ಬ್ಯಾಂಕ್ 'ಘ'. ಎರಡೂ ಅಮೆರಿಕದ ಹೊರಗಿವೆ, ಕಳಿಸಬೇಕಾದದ್ದು ಡಾಲರ್. 'ಕ' ತನ್ನ ಡಾಲರ್‌ಗಳನ್ನು ನ್ಯೂಯಾರ್ಕಿನ 'ಖ' ಎಂಬ ದೊಡ್ಡ ಬ್ಯಾಂಕಿನಲ್ಲಿ ಇಟ್ಟಿದೆ. 'ಘ' ತನ್ನ ಡಾಲರ್ ಖಾತೆಯನ್ನು ನ್ಯೂಯಾರ್ಕಿನಲ್ಲೇ ಇರುವ 'ಗ' ಎಂಬ ಇನ್ನೊಂದು ಬ್ಯಾಂಕಿನಲ್ಲಿ ಇಟ್ಟಿದೆ. 'ಕ' ಮತ್ತು 'ಘ'ಗೆ ಪರಸ್ಪರ ಖಾತೆ ಇಲ್ಲ.

ನೀವು ಸಹಿ ಹಾಕಿದ ಮೇಲೆ ನಡೆಯುವುದು ಇಷ್ಟು. 'ಕ' ನಿಮ್ಮ ಖಾತೆಯಿಂದ ಹಣ ತೆಗೆದುಕೊಂಡು 'ಖ'ಗೆ ಸಂದೇಶ ಕಳಿಸುತ್ತದೆ: ನನ್ನ ಖಾತೆಯಿಂದ ಇಷ್ಟು ತೆಗೆದು ಮುಂದೆ ಕೊಡಿ. 'ಖ' ಆ ಖಾತೆಯಿಂದ ಹಣ ಕಳೆದು, ಅಮೆರಿಕದೊಳಗಿನ ಫೆಡ್‌ವೈರ್ ಅಥವಾ ಚಿಪ್ಸ್ ಎಂಬ ವ್ಯವಸ್ಥೆಯ ಮೂಲಕ 'ಗ'ಗೆ ಕೊಡುತ್ತದೆ. 'ಗ' ಅದನ್ನು 'ಘ'ಯ ಖಾತೆಗೆ ಜಮಾ ಮಾಡಿ 'ಘ'ಗೆ ತಿಳಿಸುತ್ತದೆ. 'ಘ' ತನ್ನ ಗ್ರಾಹಕರ ಖಾತೆಗೆ ಹಾಕುತ್ತದೆ. ನಡುವೆ ಇರುವ 'ಖ', 'ಗ' ಎರಡೂ ಮಧ್ಯವರ್ತಿ ಬ್ಯಾಂಕ್‌ಗಳು. ಪ್ರತಿಯೊಂದೂ ಹೆಸರು, ವಿಳಾಸಗಳನ್ನು ನಿರ್ಬಂಧ ಪಟ್ಟಿಗಳ ಜೊತೆ ಹೋಲಿಸಿ ನೋಡುತ್ತದೆ, ಲೆಕ್ಕ ಬರೆಯುತ್ತದೆ, ಅದಕ್ಕೆ ಕೂಲಿ ಕೇಳುತ್ತದೆ.

ಹಾಗಾದರೆ ಒಬ್ಬರಿಗೆ 15 ಕಡಿತವಾಗಿ ಇನ್ನೊಬ್ಬರಿಗೆ 40 ಆಗುವುದು ಯಾಕೆ? ಮುಖ್ಯ ಕಾರಣ ಖಾತೆಗಳ ಜೋಡಣೆ. 'ಘ'ಯ ಡಾಲರ್ ಖಾತೆಯೂ 'ಖ'ದಲ್ಲೇ ಇದ್ದಿದ್ದರೆ 'ಗ' ಬೇಕೇ ಇರಲಿಲ್ಲ. 'ಖ' ತನ್ನ ಪುಸ್ತಕದಲ್ಲೇ ಒಂದು ಖಾತೆಯಿಂದ ಇನ್ನೊಂದಕ್ಕೆ ಬರೆದು ಮುಗಿಸುತ್ತಿತ್ತು. ದೊಡ್ಡ ಬ್ಯಾಂಕ್‌ಗಳಿಗೆ ಹಲವು ಕಡೆ ಖಾತೆ ಇರುತ್ತದೆ, ಹಾಗಾಗಿ ದಾರಿ ಗಿಡ್ಡ. ಸಣ್ಣ ಬ್ಯಾಂಕಿಗೆ ನೇರ ಡಾಲರ್ ಖಾತೆಯೇ ಇಲ್ಲದಿರಬಹುದು. ಅದು ತನ್ನದೇ ದೇಶದ ದೊಡ್ಡ ಬ್ಯಾಂಕಿನ ಮೂಲಕ ಹೋಗಬೇಕು, ಆಗ ಇನ್ನೊಂದು ಕೈ ಜಾಸ್ತಿ.

ಎರಡನೆಯ ಕಾರಣ ಬ್ಯಾಂಕ್‌ಗಳ ನಡುವಿನ ಒಪ್ಪಂದ. 'ಖ' ತನ್ನಲ್ಲಿ ಖಾತೆ ಇಟ್ಟ ಎಲ್ಲಾ ಬ್ಯಾಂಕ್‌ಗಳಿಗೂ ಒಂದೇ ದರ ಹಾಕುವುದಿಲ್ಲ. ವ್ಯವಹಾರ ಎಷ್ಟು ಬರುತ್ತದೆ ಎಂದು ನೋಡಿ ದರ ಕುದುರಿಸಿಕೊಂಡಿರುತ್ತಾರೆ. ಜೊತೆಗೆ, ಸಂದೇಶ ಯಂತ್ರದಿಂದ ಯಂತ್ರಕ್ಕೆ ಸಲೀಸಾಗಿ ಹೋದರೆ ಒಂದು ದರ, ಯಾರಾದರೂ ಕೂತು ಸರಿಪಡಿಸಬೇಕಾದರೆ ಇನ್ನೊಂದು. ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್ ತಪ್ಪಿದ್ದರೆ, ಐಬಾನ್ ಎಂಬ ಅಂತರರಾಷ್ಟ್ರೀಯ ಖಾತೆ ಸಂಖ್ಯೆ ಬಳಸುವ ದೇಶಕ್ಕೆ ಅದಿಲ್ಲದೇ ಬರೀ ಸ್ಥಳೀಯ ಖಾತೆ ಸಂಖ್ಯೆ ಬರೆದಿದ್ದರೆ ಈ ರಿಪೇರಿ ಶುಲ್ಕ ಬೀಳಬಹುದು. ಇದೊಂದು ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿದೆ.

ಇನ್ನೊಂದು ವಿಷಯ ಜನರನ್ನು ಗೊಂದಲಕ್ಕೆ ಹಾಕುತ್ತದೆ. ಕಳೆದ ತಿಂಗಳು ಪೂರ್ತಿ ಬಂತು, ಈ ತಿಂಗಳು ಕಡಿತವಾಯಿತು ಎನ್ನುತ್ತಾರೆ. ಒಂದೇ ಕರೆನ್ಸಿಗೆ 'ಕ'ಗೆ ಎರಡು ಮೂರು ಕಡೆ ಖಾತೆ ಇದ್ದರೆ, ಯಾವ ದಿನ ಯಾವ ಖಾತೆಯಿಂದ ಕಳಿಸುವುದು ಎಂದು ಅದೇ ತೀರ್ಮಾನಿಸುತ್ತದೆ. ನೀವು ತುಂಬಿದ ಫಾರ್ಮ್ ಅದೇ ಇದ್ದರೂ ದಾರಿ ಬದಲಾಗಬಹುದು.

ಮೂರೂ ಆಯ್ಕೆಗೆ ಒಂದೇ ಲೆಕ್ಕ

ಈಗ 5,000 ಡಾಲರ್‌ನ ಒಂದು ಇನ್‌ವಾಯ್ಸ್ ತೆಗೆದುಕೊಳ್ಳಿ. ಕೆಳಗಿನ ಶುಲ್ಕಗಳು ಉದಾಹರಣೆಗೆ ಮಾತ್ರ, ನಿಮ್ಮ ಬ್ಯಾಂಕಿನವು ಬೇರೆಯೇ ಇರುತ್ತವೆ. 'ಕ' ತನ್ನ ಸೇವೆಗೆ 20 ಹಾಕುತ್ತದೆ. 'ಖ' 15, 'ಗ' 18 ಮುರಿದುಕೊಳ್ಳುತ್ತವೆ. ಹೊರದೇಶದ ಹಣ ಜಮಾ ಮಾಡಲು 'ಘ' 10 ತೆಗೆದುಕೊಳ್ಳುತ್ತದೆ.

SHA ಅಂದರೆ ಹಂಚಿಕೊಳ್ಳುವುದು. ನಿಮ್ಮ ಬ್ಯಾಂಕಿನ ಶುಲ್ಕ ನಿಮ್ಮದು, ಅದರ ಆಚೆಯದೆಲ್ಲ ಪಡೆಯುವವರದು. ನಿಮ್ಮ ಖಾತೆಯಿಂದ 5,020 ಹೋಗುತ್ತದೆ. 'ಘ'ಗೆ ತಲುಪುವುದು 4,967. ಗ್ರಾಹಕರ ಖಾತೆಗೆ ಬೀಳುವುದು 4,957. ಒಟ್ಟು ಖರ್ಚು 63.

BEN ಅಂದರೆ ಎಲ್ಲವೂ ಪಡೆಯುವವರ ಮೇಲೆ. ನಿಮ್ಮ ಖಾತೆಯಿಂದ ಸರಿಯಾಗಿ 5,000 ಹೋಗುತ್ತದೆ, ಅವರಿಗೆ 4,937 ಸಿಗುತ್ತದೆ. ಒಟ್ಟು ಖರ್ಚು ಅದೇ 63. ಇದರಿಂದ ಏನೂ ಉಳಿತಾಯ ಇಲ್ಲ, ಭಾರ ಆ ಕಡೆಗೆ ಜರುಗಿತು ಅಷ್ಟೇ. ನಿಮ್ಮ ಇನ್ನೊಂದು ಖಾತೆಗೆ ನೀವೇ ಕಳಿಸಿಕೊಳ್ಳುವಾಗ, ಖಾತೆಯಿಂದ ಇಂತಿಷ್ಟೇ ಹೋಗಬೇಕು ಎಂದಿದ್ದರೆ ಇದು ಸರಿ. ಹಾಗೆಯೇ ಹೆಚ್ಚು ಪಾವತಿಯಾದ ಹಣ ವಾಪಸು ಕೊಡುವಾಗ, ಖರ್ಚು ಪಡೆಯುವವರದೇ ಎಂದು ಮೊದಲೇ ಮಾತಾಗಿದ್ದರೆ ಬಳಸಬಹುದು. ಉಳಿದಂತೆ ಇದಕ್ಕೆ ಟಿಕ್ ಹಾಕುವ ಕಾರಣ ನನಗೆ ಕಾಣುವುದಿಲ್ಲ.

OUR ಅಂದರೆ ಎಲ್ಲ ಶುಲ್ಕವೂ ಕಳಿಸುವವರದು. ಮುಂದಿನ ಬ್ಯಾಂಕ್‌ಗಳಿಗೆ ಕೊಡಬೇಕಾದ್ದಕ್ಕೆ 'ಕ' ಮೊದಲೇ ಒಂದು ಮೊತ್ತ ಕಟ್ಟಿಸಿಕೊಳ್ಳುತ್ತದೆ. ಅದು 30 ಎನ್ನೋಣ. ನಿಮ್ಮ ಖಾತೆಯಿಂದ 5,050 ಹೋಗುತ್ತದೆ, 'ಘ'ಗೆ 5,000 ತಲುಪುತ್ತದೆ. ಒಟ್ಟು ಖರ್ಚು 50. 'ಘ' ತನ್ನ 10 ಮುರಿದುಕೊಂಡರೆ 60.

ಇಲ್ಲಿ OUR ಅಗ್ಗವಾಯಿತು, ಅಲ್ವಾ? ಅವಸರ ಬೇಡ. ಈಗ 'ಗ'ಯನ್ನು ದಾರಿಯಿಂದ ತೆಗೆದು ನೋಡಿ. ನಡುವೆ 'ಖ' ಒಂದೇ ಇದ್ದರೆ SHAದಲ್ಲಿ ನಿಮ್ಮಿಂದ 5,020 ಹೋಗಿ ಅವರಿಗೆ 4,975 ಬೀಳುತ್ತದೆ. ಒಟ್ಟು ಖರ್ಚು 45. OUR ಹಾಕಿದರೆ 'ಕ' ಕಟ್ಟಿಸಿಕೊಳ್ಳುವ 30 ಹಾಗೇ ಇರುತ್ತದೆ, ಖರ್ಚು 50ರಿಂದ 60. ಯಾಕೆಂದರೆ ಅನೇಕ ಬ್ಯಾಂಕ್‌ಗಳು ಆ 30ನ್ನು ಪ್ರತಿ ದಾರಿಗೂ ಬೇರೆ ಬೇರೆ ಲೆಕ್ಕ ಹಾಕುವುದಿಲ್ಲ, ಎಲ್ಲರಿಗೂ ಒಂದೇ ಸರಾಸರಿ ಹಾಕುತ್ತವೆ. ಉದ್ದ ದಾರಿಯವರಿಗೆ ಅದು ಲಾಭ, ಗಿಡ್ಡ ದಾರಿಯವರಿಗೆ ನಷ್ಟ.

ಆದ್ದರಿಂದ ನನ್ನ ಸಲಹೆ ಹೀಗಿದೆ. ನಡುವೆ ಎರಡು ಅಥವಾ ಹೆಚ್ಚು ಬ್ಯಾಂಕ್ ಇದ್ದು ಪೂರ್ತಿ ಮೊತ್ತ ತಲುಪಲೇಬೇಕು ಎಂದರೆ OUR ಹಾಕಿ. ನಡುವೆ ಒಂದೇ ಇದೆ, ಕಡಿತ ಎಷ್ಟೆಂದು ಹಿಂದಿನ ಅನುಭವದಿಂದ ಗೊತ್ತಿದೆ ಎಂದರೆ SHA ಹಾಕಿ, ಅಷ್ಟು ಹಣ ಸೇರಿಸಿ ಕಳಿಸಿ. ಪೂರ್ತಿ ಮೊತ್ತದ ಹಟ ಇಲ್ಲದಿದ್ದರೆ ಸುಮ್ನೆ SHA ಸಾಕು.

OUR ಹಾಕಿದರೂ ಕಡಿಮೆ ಬಂದರೆ

ಇದು ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸುವ ಸಂಗತಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. OUR ಎನ್ನುವುದು ಸಂದೇಶದೊಳಗಿನ ಒಂದು ಸೂಚನೆ. ಮೊದಲ ಮಧ್ಯವರ್ತಿ ಅದನ್ನು ಓದಿ ತನ್ನ ಶುಲ್ಕವನ್ನು 'ಕ'ಯಿಂದ ಪಡೆಯುತ್ತದೆ. ಅದರ ಮುಂದಿನ ಬ್ಯಾಂಕ್‌ಗೂ 'ಕ'ಗೂ ನೇರ ಸಂಬಂಧವೇ ಇರುವುದಿಲ್ಲ. ಅದು ಹಿಂದಿನ ಬ್ಯಾಂಕಿಗೆ ಬಿಲ್ ಕಳಿಸಿ ಕಾಯಬೇಕು. ಅದಕ್ಕಿಂತ ಕಳಿಸಿದ ಹಣದಲ್ಲೇ ಮುರಿದುಕೊಳ್ಳುವುದು ಅದಕ್ಕೆ ಸುಲಭ. ಡಾಲರ್ ದಾರಿಯಲ್ಲಿ ಇದು ಆಗುವುದುಂಟು.

ಇದಕ್ಕೆ ಪರಿಹಾರವಾಗಿ ಕೆಲವು ಬ್ಯಾಂಕ್‌ಗಳಲ್ಲಿ ಪೂರ್ತಿ ಮೊತ್ತದ ಖಾತರಿ ಇರುವ OUR ಸಿಗುತ್ತದೆ. ಇದರ ಶುಲ್ಕ ಮಾಮೂಲಿ OURಗಿಂತ ಜಾಸ್ತಿ. ಮಧ್ಯವರ್ತಿ ಬ್ಯಾಂಕ್ ಒಂದು ನಿಗದಿತ ಮೊತ್ತ ತೆಗೆದುಕೊಂಡು, ಮುಂದಿನವರ ಕಡಿತವನ್ನು ತಾನೇ ನೋಡಿಕೊಳ್ಳುತ್ತೇನೆ ಎಂದು ಒಪ್ಪಿರುತ್ತದೆ. ಕೇಳುವಾಗ OUR ಇದೆಯಾ ಎಂದು ಮಾತ್ರ ಕೇಳಬೇಡಿ. ಫಲಾನುಭವಿ ಬ್ಯಾಂಕಿನ ಬಾಗಿಲವರೆಗೆ ಪೂರ್ತಿ ಮೊತ್ತಕ್ಕೆ ಖಾತರಿ ಇದೆಯಾ ಎಂದು ಕೇಳಿ. ಬಾಗಿಲವರೆಗೆ ಎಂದದ್ದು ಯಾಕೆಂದರೆ 'ಘ' ತನ್ನ ಗ್ರಾಹಕರಿಗೆ ಹಾಕುವ ಜಮಾ ಶುಲ್ಕವನ್ನು ಈ ಕಡೆಯಿಂದ ಯಾವಾಗಲೂ ತಡೆಯಲು ಆಗುವುದಿಲ್ಲ.

ಯುರೋಪಿನ ಆರ್ಥಿಕ ವಲಯದ ಎರಡು ಬ್ಯಾಂಕ್‌ಗಳ ನಡುವೆ ಯುರೋ ಹೋಗುವಾಗ ಈ ತಲೆನೋವು ಇಲ್ಲ. ಅಲ್ಲಿನ ಕಾನೂನಿನ ಪ್ರಕಾರ ಇಬ್ಬರೂ ತಂತಮ್ಮ ಬ್ಯಾಂಕಿನ ಶುಲ್ಕ ಕೊಡಬೇಕು, ದಾರಿಯಲ್ಲಿ ಮೊತ್ತ ಕತ್ತರಿಸುವಂತಿಲ್ಲ. ಅಂದರೆ ಅಲ್ಲಿ SHAಯೇ ನಿಯಮ. ಆ ವಲಯದ ಹೊರಗಿನಿಂದ ಹೋಗುವ ಯುರೋಗೆ ಮಾತ್ರ ಈ ರಕ್ಷಣೆ ಪೂರ್ತಿ ಅನ್ವಯಿಸುವುದಿಲ್ಲ.

ಮಧ್ಯವರ್ತಿಗಳಿದ್ದರೂ ಮೊತ್ತ ಮುಟ್ಟದೇ ಹೋಗುವ ಇನ್ನೊಂದು ಕ್ರಮವೂ ಇದೆ. ಅದಕ್ಕೆ ಕವರ್ ಪಾವತಿ ಎನ್ನುತ್ತಾರೆ. 'ಕ' ನಿಮ್ಮ ಪಾವತಿಯ ಸಂದೇಶವನ್ನು ನೇರ 'ಘ'ಗೆ ಕಳಿಸುತ್ತದೆ. ಅದರ ಬೆನ್ನಿಗೆ ಹಣ ಹೊಂದಿಸಲು ಪ್ರತ್ಯೇಕ ಸಂದೇಶವೊಂದು 'ಖ', 'ಗ' ಮೂಲಕ ಹೋಗುತ್ತದೆ. ಈ ಎರಡನೆಯದು ಬ್ಯಾಂಕ್‌ನಿಂದ ಬ್ಯಾಂಕ್‌ಗೆ ಹೋಗುವ ಹಣ, ಹಾಗಾಗಿ ಸಾಮಾನ್ಯವಾಗಿ ಅದರಲ್ಲಿ ಮುರಿದುಕೊಳ್ಳುವುದಿಲ್ಲ. ಮೊದಲು ಈ ಎರಡನೇ ಸಂದೇಶದಲ್ಲಿ ಕಳಿಸುವವರು, ಪಡೆಯುವವರ ವಿವರ ಇರುತ್ತಿರಲಿಲ್ಲ. ನಡುವಿನ ಬ್ಯಾಂಕ್‌ಗೆ ಯಾರ ಹಣ ಎಂದೇ ತಿಳಿಯುತ್ತಿರಲಿಲ್ಲ. 2009ರ ನವೆಂಬರ್‌ನಿಂದ ಆ ವಿವರ ಇರುವ ಹೊಸ ನಮೂನೆ ಬಂತು. ಯಾವ ಕ್ರಮ ಬಳಸಬೇಕು ಎಂದು ಗ್ರಾಹಕರು ಟಿಕ್ ಹಾಕುವ ಹಾಗಿಲ್ಲ, ಅದು ಬ್ಯಾಂಕಿನ ತೀರ್ಮಾನ. ದೊಡ್ಡ ಮೊತ್ತ ಮೇಲಿಂದ ಮೇಲೆ ಕಳಿಸುವ ವ್ಯಾಪಾರಿಗಳು ಮಾತ್ರ ಈ ಪ್ರಶ್ನೆ ಎತ್ತಿ ಮಾತಾಡಬಹುದು.

ಕಡಿತ ಎಲ್ಲಿ ಆಯಿತು ಎಂದು ಕಂಡುಹಿಡಿಯುವುದು

ಮೊದಲ ಸಲ ಕಳಿಸಿದ ಮೇಲೆ ನಿಮ್ಮ ಬ್ಯಾಂಕಿನಿಂದ UETR ಕೇಳಿ ಪಡೆಯಿರಿ. ಅದು ನಡುನಡುವೆ ಗೀಟು ಇರುವ 36 ಅಕ್ಷರಗಳ ಗುರುತು. 2018ರ ನವೆಂಬರ್‌ನಿಂದ ಸ್ವಿಫ್ಟ್‌ನ ಗ್ರಾಹಕ ಪಾವತಿಗಳಿಗೆಲ್ಲ ಇದು ಕಡ್ಡಾಯ. ಹಣ ಎಷ್ಟು ಕೈ ದಾಟಿದರೂ ಈ ಗುರುತು ಬದಲಾಗುವುದಿಲ್ಲ. ಶಾಖೆಯವರು ಇದನ್ನು ಹಾಕಿ ನೋಡಿದರೆ ಯಾವ ಬ್ಯಾಂಕ್ ಯಾವಾಗ ಪಡೆಯಿತು, ಎಷ್ಟು ಮುರಿಯಿತು ಎನ್ನುವುದು ಬಹುತೇಕ ಕಾಣುತ್ತದೆ.

ಅದರ ಜೊತೆಗೆ, ಪಡೆಯುವವರ ಬ್ಯಾಂಕಿಗೆ ಬಂದ ಸಂದೇಶದ ಪ್ರತಿಯನ್ನು ಅವರಿಂದ ಕೇಳಿಸಿ. ಬ್ಯಾಂಕ್‌ಗಳು ಈಗ ಐಎಸ್‌ಒ 20022 ಎಂಬ ಹೊಸ ನಮೂನೆಗೆ ಬಂದಿವೆ. ಆದರೂ ಗ್ರಾಹಕರ ಕೈಗೆ ಬರುವ ಪ್ರತಿ ಹಳೆಯ MT103 ರೂಪದಲ್ಲೇ ಇರಬಹುದು. ನಮ್ಮ ಉದಾಹರಣೆಯ SHA ಪಾವತಿ 'ಘ'ಗೆ ತಲುಪಿದಾಗ ನೋಡಬೇಕಾದ ಸಾಲುಗಳು ಹೀಗಿರುತ್ತವೆ:

```
:32A:250610USD4967,
:33B:USD5000,
:71A:SHA
:71F:USD15,
:71F:USD18,
```

`33B` ನೀವು ಕಳಿಸಲು ಹೇಳಿದ ಮೊತ್ತ. `32A` ದಿನಾಂಕ ಮತ್ತು ಆ ಬ್ಯಾಂಕಿಗೆ ನಿಜವಾಗಿ ತಲುಪಿದ ಮೊತ್ತ. `71A` ನೀವು ಹಾಕಿದ ಟಿಕ್. ಪ್ರತಿ `71F` ಸಾಲೂ ಒಂದೊಂದು ಬ್ಯಾಂಕ್ ಮುರಿದುಕೊಂಡದ್ದು. ಎರಡು ಸಾಲು ಇದೆ, ಅಂದರೆ ಎರಡು ಕಡೆ ಮುರಿದಿದ್ದಾರೆ. ಹೊಸ ನಮೂನೆಯಲ್ಲಿ ಇದೇ ವಿವರ ಬೇರೆ ಹೆಸರಿನಲ್ಲಿರುತ್ತದೆ. ಅಲ್ಲಿ SHA ಬದಲು `SHAR`, OUR ಬದಲು `DEBT`, BEN ಬದಲು `CRED` ಎಂದು ಕಾಣುತ್ತದೆ.

ಈಗ ಇದನ್ನು ಖಾತೆಯ ಸ್ಟೇಟ್‌ಮೆಂಟ್ ಪಕ್ಕ ಇಡಿ. ಜಮಾ ಆದದ್ದು 4,957, ಸಂದೇಶದಲ್ಲಿ ತಲುಪಿದ್ದು 4,967. ನಡುವಿನ 10 ಡಾಲರ್ 'ಘ'ಯದ್ದೇ, ಮಧ್ಯವರ್ತಿಗಳದ್ದಲ್ಲ. ಹಾಗಾಗಿ ಆ ಹತ್ತಕ್ಕೆ ಕಳಿಸಿದ ಬ್ಯಾಂಕಿನ ಜೊತೆ ಜಗಳಾಡಿ ಪ್ರಯೋಜನವಿಲ್ಲ. ಪಡೆಯುವವರು ತಮ್ಮ ಬ್ಯಾಂಕಿನಲ್ಲೇ ಕೇಳಬೇಕು, ಕೆಲವು ಖಾತೆಗಳಿಗೆ ಆ ಶುಲ್ಕ ಮನ್ನಾ ಇರುತ್ತದೆ. ಇನ್ನು OUR ಎಂದಿರುವ ಪಾವತಿಯಲ್ಲಿ `32A` ಮೊತ್ತ `33B`ಗಿಂತ ಕಡಿಮೆ ಇದ್ದರೆ, ನಿಮ್ಮ ಬ್ಯಾಂಕಿಗೆ ದೂರು ಕೊಡಲು ಅದೇ ಸಾಕ್ಷಿ. ಒಂದು ಎಚ್ಚರಿಕೆ: ಎರಡು ಮೊತ್ತದ ಕರೆನ್ಸಿ ಬೇರೆ ಬೇರೆ ಇದ್ದರೆ ಹೀಗೆ ನೇರವಾಗಿ ಕಳೆಯಲು ಬರುವುದಿಲ್ಲ, ನಡುವೆ ದರ ಸೇರಿಕೊಂಡಿರುತ್ತದೆ.

ಕರೆನ್ಸಿ ಬದಲಾಗುವ ಜಾಗ

ಇಷ್ಟೊತ್ತು ನೋಡಿದ 63 ಡಾಲರ್ ಸಣ್ಣದಾಗಿ ಕಾಣುವ ಜಾಗ ಇದು. ಮಾರುಕಟ್ಟೆಯ ನಡುದರಕ್ಕಿಂತ ಶೇ 2ರಷ್ಟು ಕೆಟ್ಟ ದರದಲ್ಲಿ ಬದಲಾದರೆ 5,000 ಡಾಲರ್‌ಗೆ 100 ಡಾಲರ್ ಹೋಯಿತು. ರಶೀದಿಯಲ್ಲಿ ಶುಲ್ಕ ಎಂಬ ಸಾಲಿನಲ್ಲಿ ಇದು ಇರುವುದೇ ಇಲ್ಲ. ರವಾನೆ ಶುಲ್ಕ ಸೊನ್ನೆ ಎಂದು ದೊಡ್ಡದಾಗಿ ಬರೆದಿರುವ ಕಡೆ ಮೊದಲು ನೋಡಬೇಕಾದ್ದು ದರವನ್ನೇ.

ನಡುದರ ಎಂದರೆ ಕೊಳ್ಳುವ ದರ, ಮಾರುವ ದರ ಎರಡರ ನಡುವಿನದು. ನಿಮ್ಮ ಬ್ಯಾಂಕ್ ದರ ಹೇಳಿದ ಅದೇ ಗಳಿಗೆಯಲ್ಲಿ ಇದನ್ನು ನೋಡಿಕೊಳ್ಳಿ. ಬೆಳಗಿನದನ್ನು ಸಂಜೆಯದಕ್ಕೆ ಹೋಲಿಸಬೇಡಿ.

ಪಡೆಯುವವರ ಖಾತೆ ಡಾಲರ್‌ದಲ್ಲ, ಅವರ ದೇಶದ ಕರೆನ್ಸಿಯದು ಎಂದುಕೊಳ್ಳಿ. ನೀವು ಡಾಲರ್ ಕಳಿಸಿದರೆ 'ಘ' ತನ್ನ ದರದಲ್ಲಿ ಬದಲಿಸುತ್ತದೆ. ಅದು ಎಷ್ಟೆಂದು ನಿಮಗೆ ಮುಂಚೆ ತಿಳಿಯುವುದಿಲ್ಲ. ನಿಮ್ಮ ಖಾತೆಯೂ ಡಾಲರ್‌ದಲ್ಲದಿದ್ದರೆ ಒಮ್ಮೆ 'ಕ'ದಲ್ಲಿ, ಇನ್ನೊಮ್ಮೆ 'ಘ'ದಲ್ಲಿ, ಹೀಗೆ ಎರಡು ಸಲ ಬದಲಾಗಿ ಎರಡು ಸಲ ನಷ್ಟವಾಗುತ್ತದೆ. ಅವರ ಕರೆನ್ಸಿಯಲ್ಲೇ ಕಳಿಸಿದರೆ 'ಕ'ದಲ್ಲಿ ಒಂದೇ ಸಲ ಬದಲಾಗುತ್ತದೆ, ದರ ನಿಮ್ಮ ಕಣ್ಣೆದುರಿಗೇ ಇರುತ್ತದೆ. ಜೊತೆಗೆ ಹಣ ನ್ಯೂಯಾರ್ಕ್ ಸುತ್ತದೇ ಆ ದೇಶದೊಳಗಿನ ಬ್ಯಾಂಕಿನ ಮೂಲಕ ಹೋಗುವುದರಿಂದ ದಾರಿಯೂ ಗಿಡ್ಡವಾಗಬಹುದು. ಅಪರೂಪದ ಕರೆನ್ಸಿಗೆ ಮಾತ್ರ ಇದು ಉಲ್ಟಾ. ನಿಮ್ಮ ಬ್ಯಾಂಕ್ ಅದನ್ನು ದಿನವೂ ಕೊಳ್ಳುವುದಿಲ್ಲ, ಹಾಗಾಗಿ ದುಬಾರಿ ದರ ಹೇಳುತ್ತದೆ. ಆಗ ಡಾಲರ್ ಅಥವಾ ಯುರೋ ಕಳಿಸಿ ಆ ಕಡೆ ಬದಲಾಯಿಸಲು ಬಿಡುವುದೇ ಮೇಲು.

ಹಾಗಾಗಿ ಯಾವ ಎರಡು ಆಯ್ಕೆಯನ್ನು ಹೋಲಿಸುವುದಾದರೂ ಎರಡೇ ಸಂಖ್ಯೆ ಪಕ್ಕಪಕ್ಕ ಇಡಿ: ನಿಮ್ಮ ಖಾತೆಯಿಂದ ಒಟ್ಟು ಎಷ್ಟು ಹೋಗುತ್ತದೆ, ಅವರ ಖಾತೆಗೆ ಕೊನೆಗೆ ಎಷ್ಟು ಬೀಳುತ್ತದೆ.

ಮಧ್ಯವರ್ತಿಗಳನ್ನೇ ಬಿಟ್ಟು ಹೋಗುವ ದಾರಿ

ಹಣ ರವಾನೆ ಕಂಪನಿಗಳು ಹಲವು ದೇಶಗಳಲ್ಲಿ ಖಾತೆ ಇಟ್ಟುಕೊಂಡಿರುತ್ತವೆ. ನೀವು ನಿಮ್ಮ ದೇಶದಲ್ಲಿರುವ ಅವರ ಖಾತೆಗೆ ಕಟ್ಟುತ್ತೀರಿ. ಆ ದೇಶದಲ್ಲಿರುವ ಅವರ ಖಾತೆಯಿಂದ ನಿಮ್ಮವರಿಗೆ ಹೋಗುತ್ತದೆ. ಎರಡೂ ಆಯಾ ದೇಶದೊಳಗಿನ ಪಾವತಿಗಳು, ನಡುವೆ ಮುರಿಯುವವರಿಲ್ಲ.

ಸಣ್ಣ ಮೊತ್ತಕ್ಕೆ ಇದರ ಲಾಭ ಎದ್ದು ಕಾಣುತ್ತದೆ. ಮೇಲಿನ ಬ್ಯಾಂಕ್ ದಾರಿಯಲ್ಲೇ SHA ಹಾಕಿ 300 ಡಾಲರ್ ಕಳಿಸಿದರೆ ಆಗುವ ಕಡಿತ ಅದೇ 43, ಕೈಗೆ ಸಿಗುವುದು 257. ಶೇ 14ಕ್ಕೂ ಜಾಸ್ತಿ ಹೋಯಿತು. ಅದೇ 43 ಡಾಲರ್ 5,000ಕ್ಕೆ ಶೇ 1ಕ್ಕಿಂತ ಕಡಿಮೆ. ಹಾಗಾಗಿ ಕೆಲವು ನೂರು ಡಾಲರ್‌ಗಳನ್ನು ಬ್ಯಾಂಕ್ ದಾರಿಯಲ್ಲಿ ಕಳಿಸಬೇಡಿ ಎಂದೇ ಹೇಳುತ್ತೇನೆ. ಬ್ಯಾಂಕೇ ಗತಿ ಎಂದಾದರೆ ತಿಂಗಳಿಗೊಮ್ಮೆ ಕಳಿಸುವ ಬದಲು ಮೂರು ತಿಂಗಳದ್ದು ಒಟ್ಟಿಗೆ ಕಳಿಸಿ.

ರವಾನೆ ಕಂಪನಿಯ ದಾರಿಗೂ ಮಿತಿಗಳಿವೆ. ಒಂದು ಸಲಕ್ಕೆ, ಒಂದು ವರ್ಷಕ್ಕೆ ಇಷ್ಟೇ ಎಂಬ ಮಿತಿ ಇರಬಹುದು. ಎಲ್ಲ ದೇಶ, ಎಲ್ಲ ಕರೆನ್ಸಿ ಸಿಗುವುದಿಲ್ಲ. ಕೆಲವು ಕಡೆಗೆ ಆ ಕಂಪನಿಯೂ ಕೊನೆಗೆ ಸ್ವಿಫ್ಟ್ ದಾರಿಯನ್ನೇ ಹಿಡಿಯುತ್ತದೆ, ಆಗ ಹಳೆಯ ಕಡಿತಗಳೇ ಮತ್ತೆ ಬರುತ್ತವೆ. ಇನ್ನೊಂದು, ಹಣ ಜಮಾ ಆದಾಗ ಕಳಿಸಿದವರ ಜಾಗದಲ್ಲಿ ಕಂಪನಿಯ ಹೆಸರು ಬರಬಹುದು. ಮನೆಯವರಿಗೆ ಇದು ಸಮಸ್ಯೆಯಲ್ಲ. ಫೀಸು ಕಟ್ಟುವಾಗ, ಆಸ್ತಿ ಕೊಳ್ಳುವಾಗ, ಕಳಿಸಿದವರ ಹೆಸರು ಕಾಗದದಲ್ಲಿ ಹೊಂದಲೇಬೇಕಾದ ಕಡೆ ಇದೇ ದೊಡ್ಡ ತೊಡಕಾಗುತ್ತದೆ. ಅಂಥ ಪಾವತಿಗೆ, ಮೊತ್ತವೂ ದೊಡ್ಡದಿದ್ದರೆ, ಬ್ಯಾಂಕ್ ದಾರಿಯೇ ವಾಸಿ. ಅಲ್ಲಿ ನೂರು ಡಾಲರ್ ಉಳಿಸುವುದಕ್ಕಿಂತ ದಾಖಲೆ ಸರಿಯಾಗಿರುವುದು ಮುಖ್ಯ.

ಹಣ ಪಡೆಯುವವರು ನೀವಾಗಿದ್ದರೆ

ಹೊರದೇಶದವರಿಗೆ ಕೆಲಸ ಮಾಡಿಕೊಟ್ಟು ತಿಂಗಳು ತಿಂಗಳು ಬಿಲ್ ಕಳಿಸುವವರು ಕೇಳುವ ಪ್ರಶ್ನೆ ಬೇರೆ. ಟಿಕ್ ಹಾಕುವುದು ಅವರ ಕೈಯಲ್ಲಿಲ್ಲ. ಆದರೆ ದಾರಿಯನ್ನು ಗಿಡ್ಡ ಮಾಡುವುದರಲ್ಲಿ ಅವರ ಪಾತ್ರ ದೊಡ್ಡದು.

ನಿಮ್ಮ ಬ್ಯಾಂಕಿನ ಶಾಖೆಗೆ ಹೋಗಿ, ಹೊರದೇಶದಿಂದ ಹಣ ಬರಲು ಬೇಕಾದ ಸೂಚನೆಗಳ ಹಾಳೆ ಕೊಡಿ ಎಂದು ಕೇಳಿ. ಪ್ರತಿ ಕರೆನ್ಸಿಗೂ ಆ ಬ್ಯಾಂಕ್ ಎಲ್ಲಿ ಖಾತೆ ಇಟ್ಟಿದೆ, ಆ ಬ್ಯಾಂಕಿನ ಸ್ವಿಫ್ಟ್ ಕೋಡ್ ಏನು ಎನ್ನುವುದು ಅದರಲ್ಲಿರುತ್ತದೆ. ಒಂದೇ ಕರೆನ್ಸಿಗೆ ಎರಡು ಬ್ಯಾಂಕ್ ಕೊಟ್ಟಿದ್ದರೆ ಎರಡನ್ನೂ ಬರೆದುಕೊಳ್ಳಿ. ಇವನ್ನು ಇನ್‌ವಾಯ್ಸ್‌ನಲ್ಲಿ ನಿಮ್ಮ ಖಾತೆಯ ವಿವರದ ಕೆಳಗೆ, ಮಧ್ಯವರ್ತಿ ಬ್ಯಾಂಕ್ ಎಂಬ ಸಾಲಿನಲ್ಲಿ ಹಾಕಿ. ಇದನ್ನು ಕೊಡದಿದ್ದರೆ ಕಳಿಸುವ ಬ್ಯಾಂಕ್ ತನ್ನ ಬಳಿ ಇರುವ ಪಟ್ಟಿ ನೋಡಿ ದಾರಿ ಹುಡುಕುತ್ತದೆ. ಆ ಪಟ್ಟಿ ಹಳೆಯದಾಗಿದ್ದರೆ, ನಿಮ್ಮ ಬ್ಯಾಂಕ್ ಮುಚ್ಚಿದ ಖಾತೆಯ ಕಡೆಗೆ ಹಣ ಹೋಗಿ, ಅಲ್ಲಿಂದ ತಿರುಗಿ ಬರಬಹುದು.

ತಿರುಗಿ ಬರುವ ಹಣಕ್ಕೂ ಮಧ್ಯವರ್ತಿಗಳು ಶುಲ್ಕ ಮುರಿಯುತ್ತಾರೆ. ಕಳಿಸುವಾಗ ಕರೆನ್ಸಿ ಬದಲಾಗಿದ್ದರೆ ವಾಪಸು ಬಂದಾಗ ಅದು ಮತ್ತೊಮ್ಮೆ, ಆ ದಿನದ ದರದಲ್ಲಿ ಬದಲಾಗುತ್ತದೆ. ಮೊದಲು ಕಟ್ಟಿದ OUR ಶುಲ್ಕ ಸಾಮಾನ್ಯವಾಗಿ ವಾಪಸು ಸಿಗುವುದಿಲ್ಲ. ಹಾಗಾಗಿ ಹೊಸ ಖಾತೆಗೆ ದೊಡ್ಡ ಮೊತ್ತ ಹೋಗುವ ಮೊದಲು ಸಣ್ಣ ಮೊತ್ತವೊಂದನ್ನು SHA ಹಾಕಿ ಕಳಿಸಲು ಹೇಳಿ. ಶೇಕಡಾವಾರು ಲೆಕ್ಕದಲ್ಲಿ ಅದು ದುಬಾರಿಯೇ, ಒಪ್ಪುತ್ತೇನೆ. ಆದರೆ ಆ ಒಂದು ಪಾವತಿಯ ಸಂದೇಶದಲ್ಲಿ ಎಷ್ಟು `71F` ಸಾಲುಗಳಿವೆ ಎಂದು ಎಣಿಸಿ, ನಿಮ್ಮ ಬ್ಯಾಂಕ್ ತಾನೆಷ್ಟು ಮುರಿಯಿತು ಎಂದು ನೋಡಿದರೆ, ದೊಡ್ಡ ಮೊತ್ತಕ್ಕೆ OUR ಕೇಳಬೇಕೋ, SHAದಲ್ಲೇ ಸ್ವಲ್ಪ ಸೇರಿಸಿ ಬಿಲ್ ಮಾಡಬೇಕೋ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.